ಮಾವನ ಟೊಮೇಟೊ ರೇಟಿಗೆ ಗೂಗಲ್ ಶೀಟಿನ ಇಮೇಲಾ, ಟೆಲಿಗ್ರಾಂ ಬಾಟಾ?

ನಮ್ಮ ಮಾವ ಕೋಲಾರ ಎಪಿಎಂಸಿಯಲ್ಲಿ ಟೊಮೇಟೊ ಖರೀದಿಸಿ ಹೊರರಾಜ್ಯಕ್ಕೆ ಲಾರಿ ಕಳಿಸುತ್ತಾರೆ. ಅವರು ಕೇಳಿದ್ದು ಇಷ್ಟೇ: "ಬಾಕ್ಸ್ ಮುನ್ನೂರು ದಾಟಿದ್ರೆ ಹೇಳು, ನೂರೈವತ್ತಕ್ಕಿಂತ ಇಳಿದ್ರೂ ಹೇಳು. ನಡುವೆ ಇದ್ದಾಗ ತಲೆ ತಿನ್ನಬೇಡಪ್ಪ."

ಎರಡು ದಾರಿ ಮಾಡಿ ಒಂದು ತಿಂಗಳು ಒಟ್ಟಿಗೆ ಓಡಿಸಿದೆ. ಎರಡೂ data.gov.in ನ ದಿನದ ಮಂಡಿ ಪಟ್ಟಿಯಿಂದ `modal_price`, ಅಂದ್ರೆ ಆ ದಿನ ಹೆಚ್ಚು ಮಾಲು ಮಾರಿದ ರೇಟು, ತೆಗೆದುಕೊಳ್ಳುತ್ತವೆ. ಮೊದಲ ದಿನವೇ ಎಡವಿದೆ. ಆ ಪಟ್ಟಿಯ ರೇಟು ಕ್ವಿಂಟಾಲ್ ಲೆಕ್ಕ, ಮಾವನದು 15 ಕೆಜಿ ಬಾಕ್ಸಿನ ಲೆಕ್ಕ. ನಾನು ಸುಮ್ನೆ 300 ಅಂತ ಹಾಕಿದ್ದೆ. ಯಾವ ರೇಟು ಬಂದರೂ 'ದಾಟಿತು' ಅಂದಿತು. ಸರಿಯಾದ ಮಟ್ಟ ಕ್ವಿಂಟಾಲಿಗೆ 2000 ಮತ್ತು 1000.

ಮೊದಲನೆಯದು ಗೂಗಲ್ ಶೀಟ್. ಅರ್ಧ ಗಂಟೆಯ ಕೆಲಸ. ಗಂಟೆಗೊಮ್ಮೆ ಓಡಿ, ರೇಟು ಮಟ್ಟದಿಂದ ಆಚೆ ಇದ್ದರೆ ಮೇಲ್ ಕಳಿಸುತ್ತದೆ. ತೊಂದರೆ ಅಲ್ಲೇ ಇತ್ತು. ರೇಟು 2020 ಬಂದ ದಿನ ಗಂಟೆಗೊಂದು ಮೇಲ್! ಮಾವ ಎರಡನೇ ದಿನವೇ ಮೇಲ್ ತೆರೆಯೋದು ಬಿಟ್ಟರು. ಮಾರುಕಟ್ಟೆಗೆ ರಜೆ ಇದ್ದ ದಿನ ರೇಟಿನ ಖಾನೆ ಖಾಲಿ ಇತ್ತು. `=B2<=1000` ಖಾಲಿಯನ್ನು ಸೊನ್ನೆ ಅಂದುಕೊಂಡು 'ಬಿತ್ತು' ಅಂದಿತು.

ಎರಡನೆಯದು ಹಳೇ ಲ್ಯಾಪ್‌ಟಾಪಿನಲ್ಲಿ ಓಡುವ ಪೈಥಾನ್, ಸಂದೇಶ ಟೆಲಿಗ್ರಾಂಗೆ. ರೇಟು ಬರದಿದ್ದರೆ, ಅಥವಾ ರೇಟಿನ ದಿನಾಂಕ `arrival_date` ಹಳೇದೇ ಇದ್ದರೆ ಸುಮ್ಮನಿರುತ್ತದೆ. ಮುಖ್ಯವಾಗಿ, ಹಿಂದೆ ಏನು ಹೇಳಿದ್ದೆ ಅನ್ನೋದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ:

```python
if state != "HIGH" and p >= 2000:
    send("ಮೇಲೆ ದಾಟಿತು"); state = "HIGH"
elif state == "HIGH" and p < 1800:
    state = "MID"
```

ಆ 1800 ಯಾಕೆ ಅಂತೀರಾ? ಒಂದು ವಾರ ರೇಟು 1980, 2020, 1970, 2040, 1990 ಅಂತ ಆಡಿತು. 2000ಕ್ಕಿಂತ ಇಳಿದ ತಕ್ಷಣ ಮರೆತುಬಿಡುವಂತಿದ್ದರೆ 2020ಕ್ಕೂ 2040ಕ್ಕೂ ಕೂಗುತ್ತಿತ್ತು. ಈಗ 2020ಕ್ಕೆ ಒಂದೇ ಸಲ ಕೂಗಿತು. ಬಾಕ್ಸ್ 270ಕ್ಕಿಂತ ಇಳಿಯೋವರೆಗೆ ಮತ್ತೆ ಬಾಯಿ ಬಿಡಲ್ಲ. ಕೆಳಮಟ್ಟಕ್ಕೂ ಹೀಗೇ, 1200 ದಾಟಿದ ಮೇಲಷ್ಟೇ ಮರೆಯುತ್ತದೆ. ಈ ಅಂತರ ತೀರಾ ಜಾಸ್ತಿ ಇಟ್ಟರೆ ನಿಜವಾದ ಎರಡನೇ ಏರಿಕೆ ತಪ್ಪಿಹೋಗುತ್ತದೆ. ಬಾಕ್ಸಿಗೆ 30 ರೂಪಾಯಿ ಅಂತ ಮಾವನೇ ಹೇಳಿದ್ದು.

ಇದೇ ಬುದ್ಧಿಯನ್ನು ಶೀಟಿಗೂ ಕಲಿಸಬಹುದು, ಅದು ನಿಜ. ಆದರೆ ಮಾವನ ಕಿವಿಗೆ ಬೀಳೋದು ಟೆಲಿಗ್ರಾಂ ಸದ್ದು, ಮೇಲ್ ಅಲ್ಲ. ಅವರು ಒಮ್ಮೆ ಬಾಟ್ ತೆರೆದು ಸ್ಟಾರ್ಟ್ ಒತ್ತಬೇಕು, ಇಲ್ಲದಿದ್ದರೆ ಸಂದೇಶ ಹೋಗೋದೇ ಇಲ್ಲ. ನಾನು ಅದನ್ನು ಹೇಳೋದು ಮರೆತು ಒಂದು ಸಂಜೆ ಕೋಡ್ ತಡಕಾಡಿದೆ.

ಎರಡರಲ್ಲೂ ಹೋಗದ ಕೊರತೆ ಒಂದಿದೆ. ಪಟ್ಟಿಗೆ ರೇಟು ಬರೋದು ಹರಾಜು ಮುಗಿದ ಮೇಲೆ. ಹಾಗಾಗಿ ನಾಳೆ ಎಷ್ಟು ಲಾರಿ ಹೇಳಬೇಕು ಅನ್ನೋದಕ್ಕೆ ಮಾವ ಬಾಟ್ ನೋಡುತ್ತಾರೆ. ಬೆಳಿಗ್ಗೆ ಹರಾಜಿನ ಹೊತ್ತಿಗೆ ಮಾತ್ರ ಹಳೇ ಪದ್ಧತಿಯಂತೆ ಮಂಡಿಯ ಗುಮಾಸ್ತರಿಗೇ ಫೋನ್.