ವಾಟ್ಸಾಪ್ ನಡೀತಿದೆ ಅಂತ ಸಿಮ್ ಬದುಕಿದೆ ಅಂದ್ಕೋಬೇಡಿ: ಅವ್ವನ ನಂಬರ್ ಹೋದ ಕಥೆ

ಹದಿನಾಲ್ಕು ವರ್ಷ ಅವ್ವನ ಹತ್ತಿರ ಇದ್ದ ನಂಬರ್ ಈಗ ಯಾರೋ ಹುಡುಗನ ಹತ್ತಿರ ಇದೆ. ಕಳ್ಳತನ ಆಗಿಲ್ಲ, ಮೋಸ ಆಗಿಲ್ಲ. ನಮ್ಮ ಮನೆಯಲ್ಲೇ, ನಮ್ಮ ಕಣ್ಣೆದುರೇ ಕೈತಪ್ಪಿ ಹೋಯಿತು. ಮನೆಯಲ್ಲಿ ವಯಸ್ಸಾದವರು ಇದ್ದರೆ ಇದನ್ನು ಪೂರ್ತಿ ಓದಿ.

ಅವ್ವ ಇರುವುದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ. ಮಂಡಿ ಆಪರೇಷನ್ ಆದ ಮೇಲೆ ಜನವರಿಯಲ್ಲಿ ದಾವಣಗೆರೆಗೆ, ನಮ್ಮ ಮನೆಗೆ ಬಂದರು. ಜನವರಿ 12ಕ್ಕೆ ನಾನೇ ಅವರ ಫೋನಿಗೆ 28 ದಿನದ ರೀಚಾರ್ಜ್ ಹಾಕಿದ್ದೆ. ಅದು ಫೆಬ್ರವರಿ 8ಕ್ಕೆ ಮುಗಿಯಿತು. ಮುಗಿದಿದ್ದು ನನಗೆ ಗೊತ್ತೇ ಆಗಲಿಲ್ಲ. ಯಾಕೆಂದರೆ ಮನೆಯಲ್ಲಿ ವೈಫೈ ಇತ್ತು. ಅವ್ವ ದಿನಾ ಸಂಜೆ ವಾಟ್ಸಾಪ್‌ನಲ್ಲಿ ನಮ್ಮ ಚಿಕ್ಕಮ್ಮನ ಮುಖ ನೋಡ್ತಾ ಮಾತಾಡ್ತಿದ್ದರು. ಫೋನ್ ನಡೀತಿದೆಯಲ್ಲ, ಇನ್ನೇನು?

ನಾವು ಎಡವಿದ್ದೇ ಅಲ್ಲಿ. ವಾಟ್ಸಾಪ್ ಶುರು ಮಾಡುವಾಗ ಒಂದು ಸಲ ನಂಬರಿಗೆ ಕೋಡ್ ಕಳಿಸಿ ನೋಡುತ್ತದೆ. ಆಮೇಲೆ ಸಿಮ್ ಸತ್ತರೂ ಅವ್ವನ ಫೋನಿನಲ್ಲಿ ಅದು ವೈಫೈ ಮೇಲೆ ಓಡುತ್ತಲೇ ಇತ್ತು. ಆದರೆ ವೈಫೈ ಮೇಲೆ ಎಷ್ಟು ಗಂಟೆ ಮಾತಾಡಿದರೂ ಸಿಮ್ ಕಂಪನಿ ಲೆಕ್ಕದಲ್ಲಿ ಅದು ಬಳಕೆಯೇ ಅಲ್ಲ.

ಹಾಗಾದರೆ ಯಾವುದು ಬಳಕೆ? ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ 2013ರಲ್ಲೇ ಇದನ್ನು ಹೇಳಿದೆ. ಆ ಸಿಮ್ಮಿನಿಂದ ಹೋದ ಕರೆ, ಅದಕ್ಕೆ ಬಂದ ಕರೆ, ನೀವು ಕಳಿಸಿದ ಎಸ್ಸೆಮ್ಮೆಸ್, ಆ ಸಿಮ್ಮಿನ ಡೇಟಾ, ಇಂಥವು ಲೆಕ್ಕಕ್ಕೆ ಬರುತ್ತವೆ. ಇವುಗಳಲ್ಲಿ ಒಂದೂ 90 ದಿನ ನಡೆಯದೇ ಹೋದರೆ ಕಂಪನಿ ಪ್ರೀಪೇಯ್ಡ್ ನಂಬರನ್ನು ಬಂದ್ ಮಾಡಬಹುದು. ಅದಕ್ಕಿಂತ ಮುಂಚೆ ಮಾಡುವಂತಿಲ್ಲ. ನಿಮಗೆ ಬರುವ ಎಸ್ಸೆಮ್ಮೆಸ್ ಮಾತ್ರ ಈ ಲೆಕ್ಕದಲ್ಲಿ ಇಲ್ಲ. ಬ್ಯಾಂಕಿನ ಮೆಸೇಜ್ ಬರ್ತಿದೆ, ಹಾಗಾಗಿ ನಂಬರ್ ಗಟ್ಟಿ ಇದೆ ಅಂದುಕೊಂಡವರು ಇದನ್ನು ಗಮನಿಸಿ.

ನಮ್ಮಲ್ಲಿ ಏನಾಯಿತು ನೋಡಿ. ಪ್ಲಾನ್ ಮುಗಿದ ದಿನವೇ ಹೊರಹೋಗುವ ಕರೆ ನಿಂತಿತು. ಇನ್ನೊಂದು ವಾರಕ್ಕೆ ಬರುವ ಕರೆಯೂ ನಿಂತಿತು. ಫೆಬ್ರವರಿ 14ಕ್ಕೆ ಊರಿನಿಂದ ಬಂದಿದ್ದೇ ಕೊನೆಯ ಕರೆ. ಅಲ್ಲಿಂದ 90 ದಿನ ಶುರು. ಇಲ್ಲಿ ಒಂದು ಸಿಕ್ಕು ಇದೆ. ಪ್ಲಾನ್ ಇಲ್ಲದಿದ್ದರೆ ಕರೆ ಬರಲ್ಲ, ಹೋಗಲ್ಲ. ಕರೆ ಇಲ್ಲ ಅಂದಮೇಲೆ ಬಳಕೆ ಇಲ್ಲ. ಅಂದರೆ 90 ದಿನ ಸುಮ್ಮನಿದ್ದರೆ ನಂಬರ್ ಹೋಗುತ್ತದೆ ಅನ್ನುವ ಮಾತು ನಿಜವಾಗಿ ಹೇಳುವುದು, ಪ್ಲಾನ್ ಮುಗಿದ ಮೇಲೆ ಹೆಚ್ಚುಕಡಿಮೆ 90 ದಿನ ರೀಚಾರ್ಜ್ ಮಾಡದಿದ್ದರೆ ಹೋಗುತ್ತದೆ ಅಂತಲೇ.

ಊರಿನವರು ಹೇಳಿದ್ದರು ಕೂಡ. "ನಿಮ್ಮವ್ವನ ಫೋನ್ ಹತ್ತಂಗೇ ಇಲ್ಲಲ್ಲ" ಅಂತ ಪಕ್ಕದ ಮನೆಯವರು ನನಗೇ ಫೋನ್ ಮಾಡಿದ್ದರು. ನಾನು ನೆಟ್‌ವರ್ಕ್ ಇರಲ್ಲ ಬಿಡಿ ಅಂದೆ.

ಇನ್ನು 20 ರೂಪಾಯಿ ಕಥೆ. 20 ರೂಪಾಯಿ ಹಾಕಿಟ್ಟರೆ ಸಿಮ್ ಸಾಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದು ಅರ್ಧ ನಿಜ. 90 ದಿನ ಮುಗಿದಾಗ ಮೇನ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಕಂಪನಿ ನಂಬರ್ ಬಂದ್ ಮಾಡುವಂತಿಲ್ಲ. 20 ರೂಪಾಯಿ ಮುರಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ಅವ್ವ ಇದನ್ನು ಯಾರಿಂದಲೋ ಕೇಳಿ, ನನಗೆ ಹೇಳದೆ ಬೀದಿ ಕೊನೆಯ ಅಂಗಡಿಯಲ್ಲಿ 20 ರೂಪಾಯಿ ಟಾಪಪ್ ಹಾಕಿಸಿದ್ದರು! ಆದರೆ 20 ರೂಪಾಯಿ ಕೊಟ್ಟರೆ ಬ್ಯಾಲೆನ್ಸಿಗೆ ಬೀಳುವುದು 14 ರೂಪಾಯಿ 95 ಪೈಸೆ. ಮಿಕ್ಕಿದ್ದು ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ. ಐದು ರೂಪಾಯಿ ಕಡಿಮೆ ಬಿತ್ತು. ಎರಡು ಸಲ ಹಾಕಿಸಿದ್ದರೆ 29 ರೂಪಾಯಿ 90 ಪೈಸೆ ಆಗಿ, ಮೊದಲ 30 ದಿನ ಉಳಿಯುತ್ತಿತ್ತು. ಹಾಗೆ ಉಳಿದರೂ ಅದು ನಂಬರ್ ಮಾತ್ರ. ಕರೆ ಬರುವುದಕ್ಕೆ, ಹೋಗುವುದಕ್ಕೆ ಪ್ಲಾನ್ ಬೇಕೇ ಬೇಕು.

ಮೇ 17ಕ್ಕೆ ನಂಬರ್ ಬಂದ್ ಆಗಿದೆ. ಇದು ನಮಗೆ ತಿಳಿದಿದ್ದು ಆಮೇಲೆ, ಶೋರೂಮಿನಲ್ಲಿ.

ಮೇ 28ಕ್ಕೆ ಅವ್ವನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಪಿಎಂ ಕಿಸಾನ್ ಇ-ಕೆವೈಸಿ ಮಾಡಿಸಬೇಕಿತ್ತು. ಓಟಿಪಿ ಬರಲಿಲ್ಲ. ಎರಡು ಸಲ ಒತ್ತಿದರೂ ಇಲ್ಲ. ಕಂಪ್ಯೂಟರ್ ಮುಂದಿದ್ದ ಹುಡುಗ, "ಬಿಡಿ ಅಕ್ಕಾ, ಹೆಬ್ಬೆಟ್ಟು ಇಟ್ರೆ ಆಯ್ತು" ಅಂದ. ಅವ್ವ ಹೆಬ್ಬೆಟ್ಟು ಇಟ್ಟರು, ಕೆಲಸ ಆಯಿತು. ನಾವು ಖುಷಿಯಾಗಿ ಮನೆಗೆ ಬಂದೆವು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಂಬರ್ ಬಂದ್ ಆದ ಮೇಲೂ 15 ದಿನ ಗ್ರೇಸ್ ಇರುತ್ತದೆ. ಅಷ್ಟರೊಳಗೆ ಹೋಗಿ ಕೇಳಿದರೆ ಅದೇ ನಂಬರನ್ನು ಮತ್ತೆ ಚಾಲೂ ಮಾಡಿಕೊಡಬೇಕು, ಅದಕ್ಕೆ 20 ರೂಪಾಯಿಗಿಂತ ಜಾಸ್ತಿ ಕೇಳುವಂತಿಲ್ಲ. ಅವತ್ತು ಹನ್ನೊಂದನೇ ದಿನ. ಇನ್ನೂ ನಾಲ್ಕು ದಿನ ಕೈಯಲ್ಲಿತ್ತು. ಹೆಬ್ಬೆಟ್ಟಿಗೆ ಕೆಲಸ ಆಗಿದ್ದೇ ನಮಗೆ ಮುಳುವಾಯಿತು.

ಜುಲೈನಲ್ಲಿ ಬ್ಯಾಂಕಿನ ಕೆಲಸಕ್ಕೆ ಮತ್ತೆ ಓಟಿಪಿ ಬೇಕಾಯಿತು. ಆಗ ಎಚ್ಚರ ಆದೆವು. ಫೋನಿನಲ್ಲಿ ಸಿಗ್ನಲ್ ಕಡ್ಡಿಯೇ ಇರಲಿಲ್ಲ. ಇದನ್ನು ನೋಡುವುದು ಕಲಿತುಕೊಳ್ಳಿ, ಸುಲಭ ಇದೆ. ಕಡ್ಡಿ ಇದೆ, ಕರೆ ಮಾತ್ರ ಹೋಗಲ್ಲ ಅಂದರೆ ಪ್ಲಾನ್ ಮುಗಿದಿದೆ ಅಷ್ಟೇ, ಇವತ್ತೇ ರೀಚಾರ್ಜ್ ಮಾಡಿದರೆ ಸರಿಹೋಗುತ್ತದೆ. ಬೇರೆ ಸಿಮ್ಮಿಗೆ ಸಿಗ್ನಲ್ ಸಿಗುವ ಜಾಗದಲ್ಲೂ ಇದಕ್ಕೆ ಕಡ್ಡಿಯೇ ಇಲ್ಲ, ಬೇರೆ ಫೋನಿನಿಂದ ಕರೆ ಮಾಡಿದರೆ ಈ ನಂಬರ್ ಅಸ್ತಿತ್ವದಲ್ಲಿ ಇಲ್ಲ ಅಂತ ಹೇಳುತ್ತಿದೆ ಅಂದರೆ ನಂಬರ್ ಬಂದ್ ಆಗಿದೆ. ರಿಂಗ್ ಆಗಿ ಬೇರೆ ಯಾರೋ ಎತ್ತಿದರೆ ಕಥೆ ಮುಗಿದಿದೆ. ಆಗ ಗಾಬರಿಯಲ್ಲಿ ಆ ನಂಬರಿಗೆ ರೀಚಾರ್ಜ್ ಮಾಡಬೇಡಿ, ನಿಮ್ಮ ದುಡ್ಡಿನಲ್ಲಿ ಅವರು ಮಾತಾಡುತ್ತಾರೆ.

ಮೊದಲು ಒಂದು ಮೊಬೈಲ್ ಅಂಗಡಿಗೆ ಹೋದೆ. "ಹೊಸಾದು ತಗೊಳ್ರಿ ಮೇಡಂ, ಫ್ರೀ ಸಿಮ್ ಐತಿ" ಅಂದರು. ಇಂಥ ಅಂಗಡಿಗಳಿಂದ ಇದು ಆಗುವ ಕೆಲಸ ಅಲ್ಲ. ಕಂಪನಿಯದೇ ಶೋರೂಮಿಗೆ ಹೋಗಬೇಕು. ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, ನಂಬರ್ ಇನ್ನೂ ಯಾರಿಗೂ ಕೊಟ್ಟಿಲ್ಲ ಅಂದಳು. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಹೊಸಬರಿಗೆ ಕೊಡುವಂತಿಲ್ಲ. ಟ್ರಾಯ್ ಇದನ್ನು 2023ರಲ್ಲಿ ಸುಪ್ರೀಂ ಕೋರ್ಟಿಗೂ ಹೇಳಿದೆ. ನಮ್ಮ ಲೆಕ್ಕಕ್ಕೆ ಆಗಸ್ಟ್ 15ರ ತನಕ. ಗ್ರೇಸ್ ಮುಗಿದ ಮೇಲೆ ವಾಪಸ್ ಕೊಡಲೇಬೇಕು ಅಂತ ಇಲ್ಲ, ಆದರೂ ಸಿಮ್ ಯಾರ ಹೆಸರಲ್ಲಿದೆಯೋ ಅವರು ಆಧಾರ್ ಹಿಡಿದು ಬಂದರೆ ರಿಕ್ವೆಸ್ಟ್ ಹಾಕಿ ನೋಡುತ್ತೇವೆ ಅಂದಳು.

ಸಿಮ್ ಅವ್ವನ ಹೆಸರಲ್ಲಿ ಇರಲಿಲ್ಲ. ತಮ್ಮ ಕಾಲೇಜಿನಲ್ಲಿದ್ದಾಗ ಅವನ ಐಡಿ ಕೊಟ್ಟು ತಂದುಕೊಟ್ಟಿದ್ದ ಸಿಮ್ ಅದು. ಅವ್ವ ಎದುರಿಗೆ ಕೂತು "ನಂದೇ ಕಣಮ್ಮ ನಂಬರು" ಅಂದರೂ ಕೇಳುವವರಿಲ್ಲ. ದಾಖಲೆ ಪ್ರಕಾರ ಗ್ರಾಹಕ ತಮ್ಮ. ಅವನು ಬೆಂಗಳೂರಿನಲ್ಲಿ. ಫೋನ್ ಮಾಡಿದರೆ, "ಗಣೇಶನ ಹಬ್ಬಕ್ಕೆ ಬರ್ತೀನಲ್ಲಕ್ಕ, ಆವಾಗ ಮಾಡ್ಸೋಣ" ಅಂದ. ನಾನೂ ಹೂಂ ಅಂದೆ. ಅವನೊಬ್ಬನದೇ ತಪ್ಪು ಅಂತ ಹೇಳಲ್ಲ.

ಹಬ್ಬಕ್ಕೆ ಮೂರು ದಿನ ಮುಂಚೆ ಅವ್ವನ ವಾಟ್ಸಾಪ್ ತಾನಾಗೇ ಲಾಗೌಟ್ ಆಯಿತು. ನಮ್ಮ ಮನೆ ಗ್ರೂಪಿನಲ್ಲಿ ಅವ್ವನ ಫೋಟೋ ಇದ್ದ ಜಾಗದಲ್ಲಿ ಬೈಕ್ ಮೇಲೆ ಕೂತ ಹುಡುಗ ಬಂದ. ಚಿಕ್ಕಮ್ಮ ಅವನಿಗೆ ಕರಿಗಡುಬಿನ ಫೋಟೋ ಕಳಿಸಿ "ಮಂಡಿ ನೋವು ಹೆಂಗೈತೆ" ಅಂತ ಕೇಳಿದ್ದಾಳೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವ್ವ ಮೊದಲೇ ಆ್ಯಪಿನಲ್ಲಿ ನಂಬರ್ ಬದಲಾಯಿಸಿಕೊಂಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ತಮ್ಮ ಬಂದು ಶೋರೂಮಿಗೆ ಹೋದಾಗ, ಬೇರೆಯವರಿಗೆ ಕೊಟ್ಟಾಗಿದೆ ಸಾರ್, ಏನೂ ಮಾಡಕ್ಕಾಗಲ್ಲ ಅಂದರು. ಅದೂ ಸರಿಯೇ. ಆ ಹುಡುಗ ದುಡ್ಡು ಕೊಟ್ಟು ತಗೊಂಡಿದ್ದಾನೆ.

ಆಮೇಲೆ ಓಡಾಟ. ಹೊಸ ಸಿಮ್ಮನ್ನು ಅವ್ವನ ಹೆಸರಲ್ಲೇ, ಅವ್ವನ ಆಧಾರ್ ಕೊಟ್ಟು ತಗೊಂಡೆವು. ಮೊದಲು ಹೋಗಿದ್ದು ಆಧಾರ್ ಕೇಂದ್ರಕ್ಕೆ, ಯಾಕೆಂದರೆ ಸುಮಾರು ಕಡೆ ಓಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ನಂಬರಿಗೇ. ಹಳೇ ನಂಬರ್ ಕೈಯಲ್ಲಿ ಇಲ್ಲದಿದ್ದರೂ ಬೆರಳಚ್ಚು ಕೊಟ್ಟು ಬದಲಾಯಿಸಬಹುದು, ಬೇರೆ ದಾಖಲೆ ಕೇಳಲ್ಲ. ಆಮೇಲೆ ಬ್ಯಾಂಕು. ಅಲ್ಲಿ ಅವ್ವನೇ ಪಾಸ್‌ಬುಕ್ ಹಿಡಿದು ಹೋಗಿ ಫಾರಂ ಕೊಟ್ಟರು. ಎಟಿಎಂ ಕಾರ್ಡ್, ಗ್ಯಾಸ್, ಪಿಎಂ ಕಿಸಾನ್, ಒಂದೊಂದಕ್ಕೆ ಒಂದೊಂದು ದಿನ. ಬಂದ್ ಆದ ನಂಬರುಗಳ ಪಟ್ಟಿ ನೋಡಿಕೊಂಡು ಬ್ಯಾಂಕುಗಳು ಮತ್ತು ಯುಪಿಐ ಆ್ಯಪ್‌ಗಳು ವಾರಕ್ಕೊಮ್ಮೆ ಹಳೇ ನಂಬರ್ ತೆಗೆಯಬೇಕು ಅಂತ 2025ರ ಏಪ್ರಿಲ್‌ನಿಂದ ನಿಯಮ ಇದೆ. ಆದರೂ ಅವ್ವನ ಖಾತೆಗೆ ದುಡ್ಡು ಬಿದ್ದ ಮೆಸೇಜ್ ಆ ಹುಡುಗನಿಗೆ ಹೋಗಿತ್ತು. ಅದಕ್ಕೇ ಬ್ಯಾಂಕಿಗೆ ನೀವೇ ಹೋಗಿ.

ನಿಮ್ಮ ಮನೆಯಲ್ಲಿ ಯಾವ ಸಿಮ್ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. sancharsaathi.gov.in ನಲ್ಲಿ ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ಟರೆ, ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ತೋರಿಸುತ್ತದೆ. ನನ್ನ ಫೋನಿನ ಎರಡನೇ ಸಿಮ್ ನೋಡಿದೆ. ಪ್ಲಾನ್ ಮುಗಿದು 40 ದಿನ ಆಗಿತ್ತು, ಕಡ್ಡಿ ಇನ್ನೂ ಇತ್ತು. ಅಲ್ಲೇ ನಿಂತು ರೀಚಾರ್ಜ್ ಮಾಡಿದೆ.

ಅವ್ವನ ಹೊಸ ಸಿಮ್ಮಿಗೆ ಈಗ 365 ದಿನದ ಪ್ಲಾನ್ ಹಾಕಿದ್ದೇವೆ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ, ಡೇಟಾ ಇಲ್ಲ. ಡೇಟಾ ಬೇಡದವರಿಗೆ ಇಂಥ ಪ್ಲಾನ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಬಂದಿದ್ದು ಇವು. ಆ್ಯಪಿನಲ್ಲಿ ಹುಡುಕಿ ಹುಡುಕಿ ಸಿಕ್ಕಿತು, ಅಂಗಡಿಯವರು ತಾವಾಗೇ ಹೇಳಲಿಲ್ಲ.

ಹಳೇ ನಂಬರಿನ ಹುಡುಗ ಒಳ್ಳೆಯವನು. ಬಳ್ಳಾರಿ ಕಡೆಯವನಂತೆ. ಊರಿನ ಹಾಲಿನವರು, ಟೈಲರ್, ಚಿಕ್ಕಮ್ಮ, ಎಲ್ಲರೂ ಇನ್ನೂ ಅವನಿಗೇ ಫೋನ್ ಮಾಡುತ್ತಾರೆ. "ಅಜ್ಜಿ ಹೊಸಾ ನಂಬರು ತಗೊಂಡಾರ್ರಿ, ಬರ್ಕೊಳ್ರಿ" ಅಂತ ಅವನೇ ಹೇಳುತ್ತಾನೆ.