ರಾತ್ರಿ ಫ್ರೀ ಡೇಟಾ ನಂಬಿ ದೊಡ್ಡ ಗೇಮ್ ಇಳಿಸುವ ಮುಂಚೆ ಇದನ್ನು ಓದಿ

ನಮ್ಮ ಮನೆ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಫೈಬರ್ ಕೊಡುವವರು ಇಲ್ಲಿ ಒಬ್ಬರೇ. ಪ್ಲಾನ್ ಹೀಗಿದೆ: ವೇಗ 30 ಎಂಬಿಪಿಎಸ್, ತಿಂಗಳಿಗೆ 300 ಜಿಬಿ, ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಬಳಸಿದ್ದು ಲೆಕ್ಕಕ್ಕಿಲ್ಲ. 300 ಮುಗಿದರೆ ವೇಗ 2 ಎಂಬಿಪಿಎಸ್‌ಗೆ ಇಳಿಯುತ್ತದೆ. ಇಂಥ ಪ್ಲಾನ್ ಇರುವವರು ಸ್ಟೀಮ್‌ನಿಂದ ದೊಡ್ಡ ಗೇಮ್ ಇಳಿಸುವವರಿದ್ದರೆ, ನಮ್ಮ ಮನೆಯಲ್ಲಿ ಏನಾಯಿತು ಅಂತ ಕೇಳಿ.

ತಮ್ಮ ಬಾಲ್ಡರ್ಸ್ ಗೇಟ್ 3 ಕೊಂಡಿದ್ದ. ಅಂಗಡಿ ಪುಟದಲ್ಲಿ ಸ್ಟೋರೇಜ್ 150 ಜಿಬಿ ಬೇಕು ಅಂತ ಇದೆ. ಹಗಲಿನ ಲೆಕ್ಕದಲ್ಲಿ ಆಗ ಉಳಿದಿದ್ದು 50 ಜಿಬಿ. ಆದರೇನು, ರಾತ್ರಿ ಫ್ರೀ ಇದೆಯಲ್ಲ. ಯಾವುದೋ ವಿಡಿಯೋದಲ್ಲಿ ಒಬ್ಬರು ಹೇಳಿದ್ದರಂತೆ: ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್‌ಗೆ ಹೋಗಿ, `Schedule auto-updates` ಆನ್ ಮಾಡಿ, 12ರಿಂದ 6 ಅಂತ ಹಾಕಿಬಿಡಿ, ಎಲ್ಲಾ ಡೌನ್‌ಲೋಡ್ ರಾತ್ರಿಯೇ ಆಗುತ್ತದೆ ಅಂತ. ಅವನು ಹಾಗೇ ಮಾಡಿ, ರಾತ್ರಿ ಹತ್ತಕ್ಕೆ ಇನ್‌ಸ್ಟಾಲ್ ಒತ್ತಿ, ಮಾನಿಟರ್ ಆರಿಸಿ ಮಲಗಿದ.

ಆ ವಿಡಿಯೋದ ಮಾತು ಅರ್ಧ ಮಾತ್ರ ನಿಜ. ಆ ಸೆಟ್ಟಿಂಗ್ ಇರುವುದು ಆಗಲೇ ಕಂಪ್ಯೂಟರ್‌ನಲ್ಲಿರುವ ಗೇಮ್‌ಗಳ ಆಟೋ ಅಪ್‌ಡೇಟ್‌ಗೆ. ಹೊಸ ಗೇಮ್‌ಗೆ ನೀವೇ ಇನ್‌ಸ್ಟಾಲ್ ಒತ್ತಿದರೆ ಅದು ಆ ಕ್ಷಣವೇ ಶುರುವಾಗುತ್ತದೆ. 12 ಗಂಟೆಗೆ ಕಾಯುವುದಿಲ್ಲ, 6 ಗಂಟೆಗೆ ನಿಲ್ಲುವುದೂ ಇಲ್ಲ.

ಲೆಕ್ಕ ಸುಲಭ. ಎಂಬಿಪಿಎಸ್ ಅಂದರೆ ಬಿಟ್ ಲೆಕ್ಕ, ಫೈಲ್ ಸೈಜ್ ಬೈಟ್ ಲೆಕ್ಕ. ಹಾಗಾಗಿ 8ರಿಂದ ಭಾಗಿಸಬೇಕು. 30 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 3.75 ಎಂಬಿ, ಗಂಟೆಗೆ 13.5 ಜಿಬಿ. ಹತ್ತರಿಂದ ಹನ್ನೆರಡರವರೆಗೆ 27 ಜಿಬಿ ಹಗಲಿನ ಲೆಕ್ಕಕ್ಕೆ ಹೋಯಿತು. ನಡುವಿನ ಆರು ಗಂಟೆಯಲ್ಲಿ ಹೆಚ್ಚೆಂದರೆ 81 ಜಿಬಿ ಫ್ರೀ. ಬೆಳಿಗ್ಗೆ ಆರರ ಮೇಲೆ ಮತ್ತೆ ಹಗಲಿನ ಲೆಕ್ಕ ಶುರು. ಎಂಟು ಗಂಟೆಗೆ ಮೊದಲೇ ಉಳಿದ 23 ಜಿಬಿಯೂ ಖಾಲಿ. ನಾನು ಆಫೀಸ್ ಮೀಟಿಂಗ್‌ಗೆ ಕೂತರೆ ಆ ಕಡೆಯವರ ಮುಖವೇ ಕಾಣಿಸಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಕಂಪನಿಯ ಆಪ್ ತೆರೆದು ನೋಡಿದರೆ ಬಳಕೆ ಇನ್ನೂ 250 ಜಿಬಿ ಅಂತಲೇ ತೋರಿಸುತ್ತಿತ್ತು. ಫೋನ್ ಮಾಡಿ ಕೇಳಿದೆ. "ಅದು ದಿನಕ್ಕೆ ಒಂದು ಸಲ ಅಪ್‌ಡೇಟ್ ಆಗೋದು ಸರ್" ಅಂದರು. ಸರಿ, ಉಳಿದ ಗೇಮ್ ಅನ್ನು ಇವತ್ತು ರಾತ್ರಿ ಫ್ರೀಯಲ್ಲಿ ಇಳಿಸಿಕೊಳ್ಳಬಹುದಾ ಅಂತ ಕೇಳಿದೆ. "ಇಲ್ಲ ಸರ್, ಲಿಮಿಟ್ ದಾಟಿದ ಮೇಲೆ ನೈಟ್ ಆಫರ್ ಇರಲ್ಲ. ಮುಂದಿನ ರೀಚಾರ್ಜ್‌ವರೆಗೂ ಇದೇ ಸ್ಪೀಡು" ಅಂತ ಉತ್ತರ. ಅವರ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ, ಈ ಮಾತು ಎಲ್ಲೂ ಇಲ್ಲ. ನಿಮ್ಮ ಪ್ಲಾನ್‌ನಲ್ಲಿ ರಾತ್ರಿ ಫ್ರೀ ಇದ್ದರೆ, ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಜೊತೆಗೆ ತಿಂಗಳು ಅಂದರೆ ಒಂದನೇ ತಾರೀಖಿನಿಂದಲೋ, ರೀಚಾರ್ಜ್ ಮಾಡಿದ ದಿನದಿಂದಲೋ ಅಂತಲೂ ಕೇಳಿ.

2 ಎಂಬಿಪಿಎಸ್‌ನಲ್ಲಿ ಗಂಟೆಗೆ 0.9 ಜಿಬಿ ಇಳಿಯುತ್ತದೆ, ಅದೂ ಮನೆಯಲ್ಲಿ ಬೇರೆ ಯಾರೂ ನೆಟ್ ಮುಟ್ಟದಿದ್ದರೆ. ಅಮ್ಮನ ಧಾರಾವಾಹಿ, ನನ್ನ ಕೆಲಸ, ಎಲ್ಲಕ್ಕೂ ಅಷ್ಟೇ. ತಮ್ಮನಂತೂ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಓಡಾಡುತ್ತಿದ್ದ.

ಈಗ ನಾವು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಸೈಜ್. ಅಂಗಡಿ ಪುಟದ ಸ್ಟೋರೇಜ್ ಸಂಖ್ಯೆ ಹೇಳುವುದು ಡಿಸ್ಕ್‌ನಲ್ಲಿ ಎಷ್ಟು ಜಾಗ ಬೇಕು ಅಂತ. ಸ್ಟೀಮ್ ಫೈಲ್‌ಗಳನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತದೆ, ಇಲ್ಲಿಗೆ ಬಂದ ಮೇಲೆ ಬಿಚ್ಚುತ್ತದೆ. ಹಾಗಾಗಿ ನಿಜಕ್ಕೂ ಇಳಿಯುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅನ್ನುವುದು ಗೇಮ್‌ನಿಂದ ಗೇಮ್‌ಗೆ ಬೇರೆ. ಸ್ಟೀಮ್‌ಡಿಬಿ ತಾಣದಲ್ಲಿ ಗೇಮ್ ಹುಡುಕಿ `Depots` ನೋಡಿದರೆ ಡಿಸ್ಕ್ ಸೈಜ್, ಡೌನ್‌ಲೋಡ್ ಸೈಜ್ ಎರಡೂ ಸಿಗುತ್ತವೆ. ಅದು ಕಷ್ಟ ಅನ್ನಿಸಿದರೆ ಇನ್‌ಸ್ಟಾಲ್ ಒತ್ತಿ ಕೂಡಲೇ `Pause` ಒತ್ತಿ ನಿಲ್ಲಿಸಿ. ಡೌನ್‌ಲೋಡ್ಸ್ ಪುಟದಲ್ಲಿ ಒಟ್ಟು ಎಷ್ಟು ಇಳಿಯಬೇಕು ಅಂತ ಕಾಣುತ್ತದೆ. ನಮ್ಮ ಲೈನಿನಲ್ಲಿ ರಾತ್ರಿಗೆ 81 ಜಿಬಿ ಅನ್ನುವುದು ಕಾಗದದ ಲೆಕ್ಕ. 65 ಅಂತ ಹಿಡಿದು ಎಷ್ಟು ರಾತ್ರಿ ಬೇಕು ಅಂತ ನೋಡಿಕೊಳ್ಳುತ್ತೇವೆ.

ಹೀಗೆ ನಿಲ್ಲಿಸಿಟ್ಟಿದ್ದನ್ನು 12 ದಾಟಿದ ಮೇಲೆ ನಾವೇ ಮುಂದುವರಿಸುತ್ತೇವೆ. ಗಡಿಯಾರ ಐದು ನಿಮಿಷ ಆಚೀಚೆ ಇರಬಹುದು ಅಂತ 12:10ಕ್ಕೆ ಶುರು. ಆಮೇಲೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೊಡುತ್ತೇವೆ:

```
shutdown /s /t 20400
```

20400 ಸೆಕೆಂಡ್ ಅಂದರೆ 5 ಗಂಟೆ 40 ನಿಮಿಷ. 5:50ಕ್ಕೆ ಕಂಪ್ಯೂಟರ್ ತಾನೇ ಆರುತ್ತದೆ. ಮನಸ್ಸು ಬದಲಾದರೆ `shutdown /a` ಕೊಟ್ಟರೆ ರದ್ದಾಗುತ್ತದೆ. ಅರ್ಧಕ್ಕೆ ನಿಂತರೆ ಇಳಿದಿದ್ದು ಹಾಳಾಗುವುದಿಲ್ಲ, ಸ್ಟೀಮ್ ಬಿಟ್ಟಲ್ಲಿಂದಲೇ ಮುಂದುವರಿಸುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಅಷ್ಟೇ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ಅದು ನಿದ್ದೆಗೆ ಹೋಗಿ ಇಡೀ ರಾತ್ರಿ ಸುಮ್ನೆ ದಂಡ.

ಇದರಲ್ಲೇ ಇನ್ನೊಂದು ಅಪಾಯ ಇದೆ. `Pause` ಒತ್ತದೆ ಅರ್ಧಕ್ಕೆ ನಿಂತ ಡೌನ್‌ಲೋಡ್ ಮರುದಿನ ಸ್ಟೀಮ್ ತೆರೆದ ಕೂಡಲೇ ತಾನಾಗಿ ಮತ್ತೆ ಶುರುವಾಗುತ್ತದೆ. ಕಂಪ್ಯೂಟರ್ ಹಾಕಿದಾಗಲೇ ಸ್ಟೀಮ್ ತೆರೆಯುವ ಹಾಗೆ ಇದ್ದರೆ, ನೀವು ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆ ಅಂತ ಕೂತಾಗ ಹಿಂದೆ ಗಂಟೆಗೆ 13 ಜಿಬಿ ಹರಿಯುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಇಂಟರ್‌ಫೇಸ್ ಭಾಗದಲ್ಲಿ ಅದನ್ನು ಆಫ್ ಮಾಡಿಡಿ. ಹಗಲಲ್ಲಿ ಸ್ಟೀಮ್ ಬೇಕೇ ಆದರೆ ತೆರೆದ ತಕ್ಷಣ `Pause` ಒತ್ತಿ.

ಅಪ್‌ಡೇಟ್‌ಗಳಿಗೆ ಮಾತ್ರ ಆ ರಾತ್ರಿ ಸೆಟ್ಟಿಂಗ್ ಇರಲಿ, ಅದಕ್ಕೆ ಅದು ಸರಿಯಾದ ಜಾಗ. ಪ್ಯಾಚ್ ಅಂದರೆ ಚಿಕ್ಕದು ಅಂತ ಮಾತ್ರ ಅಂದುಕೊಳ್ಳಬೇಡಿ. ಸ್ಟೀಮ್ ಫೈಲ್‌ಗಳನ್ನು ಸುಮಾರು 1 ಎಂಬಿಯ ತುಂಡುಗಳಾಗಿ ಹೋಲಿಸಿ, ಬದಲಾದ ತುಂಡುಗಳನ್ನಷ್ಟೇ ಇಳಿಸುತ್ತದೆ. ಆದರೆ ಗೇಮ್ ಮಾಡಿದವರು ಎಲ್ಲವನ್ನೂ ಕೆಲವೇ ದೈತ್ಯ ಫೈಲ್‌ಗಳಲ್ಲಿ ತುಂಬಿ, ಒಳಗಿನ ಜೋಡಣೆ ಬದಲಿಸಿದರೆ ಚಿಕ್ಕ ತಿದ್ದುಪಡಿಗೂ ಹತ್ತಾರು ಜಿಬಿ ಇಳಿಯಬಹುದು. ಆಡದೇ ಬಿದ್ದಿರುವ ಗೇಮ್‌ಗಳನ್ನು ತೆರೆದಾಗ ಮಾತ್ರ ಅಪ್‌ಡೇಟ್ ಆಗುವ ಹಾಗೆ ಪ್ರಾಪರ್ಟೀಸ್‌ನಲ್ಲಿ ಬದಲಿಸಿಕೊಳ್ಳಿ.

ಆಪ್ ತೋರಿಸುವ ಬಳಕೆಯನ್ನು ನಾವು ಈಗ ನಂಬುವುದಿಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ನೋಡಿದರೆ ಸ್ಟೀಮ್ ಒಂದೇ ಎಷ್ಟು ತಿಂದಿದೆ ಅಂತ ಗೊತ್ತಾಗುತ್ತದೆ. ಅದು ಆ ಒಂದು ಕಂಪ್ಯೂಟರಿನ ಲೆಕ್ಕ ಮಾತ್ರ, ಟಿವಿ ಮತ್ತು ಫೋನ್‌ಗಳದ್ದು ಬೇರೆ.

ಇಷ್ಟೆಲ್ಲಾ ಯಾಕೆ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಅದೇ ಗೇಮ್ ಇರುವ ಸ್ನೇಹಿತರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರೆ, ಒಂದೇ ರೌಟರ್‌ಗೆ ಎರಡನ್ನೂ ಸೇರಿಸಿ ಅಲ್ಲಿಂದ ಇಲ್ಲಿಗೆ ಫೈಲ್ ದಾಟಿಸುವ ಸೌಲಭ್ಯ 2023ರಿಂದ ಸ್ಟೀಮ್‌ನಲ್ಲೇ ಇದೆ. ಹೀಗೆ ದಾಟಿದ್ದು ಇಂಟರ್‌ನೆಟ್ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆ ಡೌನ್‌ಲೋಡ್ಸ್ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿರಬೇಕು, ಗೇಮ್ ಕೊಂಡಿರುವುದು ನಿಮ್ಮ ಖಾತೆಯಲ್ಲೂ ಇರಬೇಕು. ಆಗುವುದಾದರೆ ಕೇಬಲ್ ಹಾಕಿ, ವೈಫೈಯಲ್ಲಿ ಮಾಡಿದರೆ ತುಂಬಾ ಹೊತ್ತು ಹಿಡಿಯುತ್ತದೆ.