‘ತೊಳೆಯಬೇಕಾಗಿಲ್ಲ’ ಎಂದು ಮಾರುವ ಸಾವಯವ ತರಕಾರಿ: ಮೈಸೂರಿನವರು ಗಮನಿಸಿ

ಸಾವಯವ ಎಂಬ ಬೋರ್ಡು ನೋಡಿ ಎರಡರಷ್ಟು ಬೆಲೆ ಕೊಟ್ಟು ತರಕಾರಿ ತರುತ್ತಿರುವವರು, ಅದರಲ್ಲೂ ಮನೆಯಲ್ಲಿ ಬಸುರಿಯರೋ ಎಳೆಯ ಮಕ್ಕಳೋ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಅಂಗಡಿ ಒಂದೇ ಅಲ್ಲ, ಮೋಸದ ರೀತಿ ತಿಳಿದರೆ ಎಲ್ಲೇ ಆದರೂ ಗುರುತಿಸಬಹುದು.

ಮಗಳು ಹೆರಿಗೆಗೆಂದು ಕುವೆಂಪುನಗರದ ನಮ್ಮ ಮನೆಗೆ ಬಂದಾಗ, ಅವಳ ಹೊಟ್ಟೆಗೆ ಔಷಧಿ ಹೊಡೆದ ತರಕಾರಿ ಹೋಗಬಾರದು ಎಂದು ನಮ್ಮ ಯಜಮಾನರು ಹಟ ಹಿಡಿದರು. ಹತ್ತಿರದಲ್ಲೇ ಒಂದು ಸಾವಯವ ಮಳಿಗೆ ಇತ್ತು. ಬಿದಿರಿನ ಬುಟ್ಟಿಗಳು, ಗೋಡೆಯ ಮೇಲೆ ನಾಟಿ ಹಸುವಿನ ಚಿತ್ರ, ಒಳಗೆ ತಂಪು. ಹೊರಗೆ ಕೆ.ಜಿ.ಗೆ 60 ರೂಪಾಯಿ ಇದ್ದ ಹುರುಳಿಕಾಯಿ ಅಲ್ಲಿ 140. ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟಿಗೆ ಮೂವತ್ತು. ಮಗಳಿಗಾಗಿ ಅಲ್ಲವೇ ಎಂದು ಕೊಟ್ಟೆವು. ಮಾಲೀಕರು ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದರು: “ಅಮ್ಮಾ, ಇದಕ್ಕೆ ಏನೂ ಹೊಡೆದಿಲ್ಲ. ತೊಳೆಯುವುದೇ ಬೇಡ, ಸೌತೆಕಾಯಿಯನ್ನು ಹಾಗೇ ಕಚ್ಚಿ ತಿನ್ನಬಹುದು.”

ಇಡೀ ವ್ಯವಹಾರದಲ್ಲಿ ಅತ್ಯಂತ ಅಪಾಯಕಾರಿ ಸಂಗತಿ ಈ ಮಾತೇ. ದುಡ್ಡು ಹೋದರೆ ಹೋಗಲಿ, ಈ ಮಾತನ್ನು ನಂಬಿ ಯಾರಾದರೂ ಬಸುರಿಗೆ ಹಸಿ ತರಕಾರಿ ತೊಳೆಯದೆ ಕೊಟ್ಟರೆ ಏನು ಗತಿ? ಸಾವಯವ ಕೃಷಿಯಲ್ಲಿ ರಾಸಾಯನಿಕ ಗೊಬ್ಬರದ ಬದಲು ಸಗಣಿ, ಕೊಟ್ಟಿಗೆ ಗೊಬ್ಬರ ಹಾಕುತ್ತಾರೆ. ಅದು ಸರಿಯಾಗಿ ಕಳಿತಿರದಿದ್ದರೆ ಇ. ಕೋಲಿಯಂಥ ರೋಗಾಣುಗಳು ಸೊಪ್ಪಿಗೆ ಅಂಟಿಕೊಂಡು ಬರುತ್ತವೆ. ಮಣ್ಣಿನಲ್ಲಿ ಬೆಕ್ಕಿನ ಮಲ ಸೇರಿದ್ದರೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಬಸುರಿಯರಿಗೆ ಈ ಸೋಂಕು ತಗಲಿದರೆ ಹೊಟ್ಟೆಯಲ್ಲಿರುವ ಕೂಸಿಗೂ ದಾಟಬಲ್ಲದು. ಮಣ್ಣಿಗೆ ಸಾವಯವ, ರಾಸಾಯನಿಕ ಎಂಬ ಭೇದವಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಕಿವಿಗೊಡದೆ ಎಲ್ಲವನ್ನೂ ತೊಳೆಯುತ್ತಲೇ ಇದ್ದೆ. ಆ ಅಂಗಡಿಯ ಪಾಲಕ್ ಸೊಪ್ಪನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಅದ್ದಿ ತೆಗೆದಾಗ ತಳದಲ್ಲಿ ಬೆರಳಿಗೆ ಗರಗರ ಎನ್ನುವಷ್ಟು ಮರಳು ನಿಂತಿತ್ತು. ಒಂದು ಎಲೆಯ ಹಿಂಭಾಗದಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳು ಸಾಲಾಗಿ ಅಂಟಿದ್ದವು.

ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ಯಜಮಾನರು ಬೆಳಗಿನ ವಾಯುವಿಹಾರಕ್ಕೆ ಹೋದಾಗ ಅಂಗಡಿಯ ಮುಂದೆ ಗೂಡ್ಸ್ ಆಟೋದಿಂದ ಕ್ರೇಟುಗಳನ್ನು ಇಳಿಸುತ್ತಿದ್ದುದನ್ನು ಕಂಡರು. ಬಂಡೀಪಾಳ್ಯದ ಎಪಿಎಂಸಿಯಲ್ಲಿ ಮಂಡಿಯವರು ತಮ್ಮ ಕ್ರೇಟಿನ ಮೇಲೆ ಬಣ್ಣದಲ್ಲಿ ಬರೆಸುವಂಥ ಅಕ್ಷರಗಳು ಅವುಗಳ ಮೇಲಿದ್ದವು. ಕ್ರೇಟು ಕೈಯಿಂದ ಕೈಗೆ ಓಡಾಡುವ ವಸ್ತು, ಅದೊಂದರಿಂದಲೇ ಯಾರನ್ನೂ ದೂರುವುದು ನ್ಯಾಯವಲ್ಲ. ಹಾಗಾಗಿ ಸಾವಯವ ಪ್ರಮಾಣಪತ್ರ ತೋರಿಸಿ ಎಂದು ಕೇಳಿದೆವು.

ಅವರು ಹಿಂಜರಿಯಲಿಲ್ಲ. ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ತಂದು ಮೇಜಿನ ಮೇಲೆ ಇಟ್ಟರು. ಇಂಥ ಹಾಳೆಯನ್ನು ದೂರದಿಂದ ನೋಡಿ ಸುಮ್ಮನಾಗಬೇಡಿ, ಕೈಗೆ ತೆಗೆದುಕೊಂಡು ಓದಿ. ನಮಗೆ ಕಂಡದ್ದು ಇಷ್ಟು. ಅದು ಅಂಗಡಿಯ ಹೆಸರಿನಲ್ಲಿ ಇರಲಿಲ್ಲ, ಮಂಡ್ಯ ಜಿಲ್ಲೆಯ ಒಂದು ರೈತರ ಗುಂಪಿನ ಹೆಸರಿನಲ್ಲಿತ್ತು. ಬೆಳೆಗಳ ಪಟ್ಟಿಯಲ್ಲಿ ಭತ್ತ, ತೆಂಗು, ಬಾಳೆ ಇದ್ದವು. ಅಂಗಡಿಯಲ್ಲಿ ಇದ್ದದ್ದು ಕ್ಯಾರೆಟ್, ಹೂಕೋಸು, ಹುರುಳಿಕಾಯಿ, ದಪ್ಪಮೆಣಸಿನಕಾಯಿ. ಒಂದೂ ಆ ಪಟ್ಟಿಯಲ್ಲಿ ಇರಲಿಲ್ಲ. ಅವಧಿಯೂ ಮುಗಿದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅದು ‘ಪಿಜಿಎಸ್-ಗ್ರೀನ್’ ಪತ್ರ. ರೈತರು ಪರಸ್ಪರ ಪರಿಶೀಲಿಸಿ ದೃಢೀಕರಿಸುವ ಪಿಜಿಎಸ್-ಇಂಡಿಯಾ ಪದ್ಧತಿಯಲ್ಲಿ ‘ಗ್ರೀನ್’ ಎಂದರೆ ಜಮೀನು ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದು. ಬದಲಾವಣೆ ಮುಗಿದ ಮೇಲೆ ಸಿಗುವುದು ‘ಪಿಜಿಎಸ್-ಆರ್ಗ್ಯಾನಿಕ್’. ಆ ರೈತರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ಶ್ರಮದ ಪತ್ರವನ್ನು ಇಟ್ಟುಕೊಂಡು ಎಲ್ಲಿಂದಲೋ ತಂದ ಹೂಕೋಸು ಮಾರುವುದು ಅವರಿಗೂ ಮಾಡುವ ಅನ್ಯಾಯ.

ಇದನ್ನೆಲ್ಲ ಒಂದೊಂದಾಗಿ ತೋರಿಸಿದಾಗ ಮಾಲೀಕರು ಹೇಳಿದ್ದು, “ಸಣ್ಣ ರೈತರಿಗೆ ಸರ್ಟಿಫಿಕೇಟ್ ಬೇಕಿಲ್ಲಮ್ಮ, ಸರ್ಕಾರವೇ ವಿನಾಯಿತಿ ಕೊಟ್ಟಿದೆ.” ಈ ಉತ್ತರ ನಿಮಗೂ ಸಿಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಗಳಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದು ಬೆಳೆದವರೇ ನೇರವಾಗಿ ತಿನ್ನುವವರಿಗೆ ಮಾರುವಾಗ. ಹತ್ತು ಕಡೆಯಿಂದ ಕೊಂಡು ತಂದು, ಲಾಭ ಇಟ್ಟು ಮಾರುವ ಮಳಿಗೆ ಆ ವಿನಾಯಿತಿಯ ನೆರಳಿನಲ್ಲಿ ನಿಲ್ಲಲಾಗದು. ಪೊಟ್ಟಣ ಕಟ್ಟಿದ ಸಾವಯವ ಪದಾರ್ಥದ ಮೇಲೆ ಸರ್ಕಾರದ ಸಾವಯವ ಗುರುತು ಇರಬೇಕು. ಬಿಡಿ ತರಕಾರಿಯ ಮೇಲೆ ಗುರುತು ಹಾಕುವುದು ಸಾಧ್ಯವಿಲ್ಲದ್ದರಿಂದಲೇ ಮೋಸ ಅಲ್ಲಿ ಸುಲಭ.

ದೂರು ಕೊಡೋಣ ಎಂದು ಹಳೆಯ ಬಿಲ್ಲುಗಳನ್ನು ತೆಗೆದಾಗ ಇನ್ನೊಂದು ಸಂಗತಿ ತಿಳಿಯಿತು. ಯಾವ ಬಿಲ್ಲಿನಲ್ಲೂ ಸಾವಯವ ಎಂಬ ಪದವೇ ಇರಲಿಲ್ಲ. ‘ಬೀನ್ಸ್, ಕ್ಯಾರೆಟ್, ಪಾಲಕ್’ ಎಂದಷ್ಟೇ. ಬೋರ್ಡಿನ ಮೇಲೆ ಇದ್ದದ್ದು ಬಿಲ್ಲಿನಲ್ಲಿ ಇಲ್ಲ. ಸಾವಯವ ಎಂದು ಹೇಳಿ ಮಾರಿದರು ಎಂಬುದಕ್ಕೆ ನಮ್ಮ ಕೈಯಲ್ಲಿ ಕಾಗದದ ಪುರಾವೆ ಉಳಿದಿರಲಿಲ್ಲ. ಆ ಅಂಗಡಿಯ ಸಹವಾಸ ಅಲ್ಲಿಗೇ ಬಿಟ್ಟೆವು.

ಈಗ ನಾವು ತರಕಾರಿ ತರುವುದು ನಮ್ಮ ಬಡಾವಣೆಯ ಮಾರುಕಟ್ಟೆಯಿಂದ, ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಯಿಂದ. ತೊಳೆಯುವ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲೂ ದುಬಾರಿ ದ್ರಾವಣಗಳನ್ನು ಮಾರುವವರಿದ್ದಾರೆ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹರಿಯುವ ನಲ್ಲಿ ನೀರಿನಲ್ಲಿ ಅರ್ಧ ನಿಮಿಷ ತೊಳೆದಾಗಲೇ 12 ಕೀಟನಾಶಕ, ಶಿಲೀಂಧ್ರನಾಶಕಗಳಲ್ಲಿ 9ರ ಉಳಿಕೆ ಕಡಿಮೆಯಾಗಿತ್ತು. ತರಕಾರಿ ತೊಳೆಯಲೆಂದೇ ಮಾರುವ ದ್ರಾವಣಗಳು ಬರೀ ನೀರಿಗಿಂತ ಹೆಚ್ಚಿನದೇನನ್ನೂ ಮಾಡಿರಲಿಲ್ಲ. ಮುಖ್ಯವಾದದ್ದು ಕೈಯಿಂದ ಉಜ್ಜುವುದು. ಸೋಪು, ಪಾತ್ರೆ ತೊಳೆಯುವ ಪುಡಿ ಎಂದಿಗೂ ಬೇಡ, ತರಕಾರಿ ಅದನ್ನು ಹೀರಿಕೊಳ್ಳುತ್ತದೆ.

ಅಡುಗೆ ಸೋಡಾ ಮಾತ್ರ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಪರೀಕ್ಷಿಸಿದಾಗ, ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟರೆ ಸಿಪ್ಪೆಯ ಮೇಲಿನ ಒಂದು ಔಷಧಿ ಶೇ. 80ರಷ್ಟು, ಇನ್ನೊಂದು ಶೇ. 96ರಷ್ಟು ಹೋಯಿತು. ಅವರು ಬಳಸಿದ ಪ್ರಮಾಣ ಲೀಟರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ. ಬದನೆ, ಟೊಮೆಟೊ, ದಪ್ಪಮೆಣಸಿನಕಾಯಿ, ಸೌತೆಯಂಥ ನುಣುಪು ಸಿಪ್ಪೆಯವನ್ನು ನಾನು ಹಾಗೆ ನೆನೆಸಿ, ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುತ್ತೇನೆ. ಸೌತೆಯನ್ನು ಹಸಿಯಾಗಿ ತಿನ್ನುವುದಾದರೆ ಸಿಪ್ಪೆಯನ್ನೂ ತೆಗೆಯುತ್ತೇನೆ. ಯಾವುದನ್ನೂ ಹೆಚ್ಚಿದ ಮೇಲೆ ತೊಳೆಯುವುದಿಲ್ಲ, ಮೊದಲೇ ತೊಳೆಯದಿದ್ದರೆ ಮೇಲಿದ್ದ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ.

ಸೊಪ್ಪಿನ ಕಥೆ ಬೇರೆ. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಯಾವುದೇ ಇರಲಿ, ಬೇರು ಕತ್ತರಿಸಿ ಕಟ್ಟು ಬಿಚ್ಚಿ, ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಅಲುಗಾಡಿಸಬೇಕು. ಆಮೇಲೆ ಸೊಪ್ಪನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿಕೊಳ್ಳಬೇಕು. ಜರಡಿಗೆ ಸುರಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ನೀರು ಚೆಲ್ಲಿ, ಹೊಸ ನೀರು ಹಾಕಿ, ತಳದಲ್ಲಿ ಮರಳು ಕಾಣಿಸದಿರುವವರೆಗೂ ಹೀಗೇ ಮಾಡಬೇಕು. ಹೂಕೋಸನ್ನು ಬಿಡಿಸಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡುವುದು ಹುಳು ಹೊರಬರಲಿ ಎಂದು, ಅದರಿಂದ ಔಷಧಿ ಹೋಗುತ್ತದೆ ಎಂದು ಭಾವಿಸಬೇಡಿ.

ತೊಳೆಯುವುದಕ್ಕೂ ಮಿತಿ ಇದೆ, ಅದನ್ನು ಮುಚ್ಚಿಟ್ಟರೆ ನಾನೂ ಆ ಅಂಗಡಿಯವರಂತೆಯೇ ಆದೇನು. ಇಮಿಡಾಕ್ಲೋಪ್ರಿಡ್, ಅಸಿಫೇಟ್‌ನಂಥ ಕೀಟನಾಶಕಗಳನ್ನು ಗಿಡ ಒಳಗೇ ಹೀರಿಕೊಳ್ಳುತ್ತದೆ. ಅವನ್ನು ಯಾವ ನೀರೂ, ಯಾವ ಸೋಡಾವೂ ತೆಗೆಯಲಾರದು. ಅದಕ್ಕಾಗಿಯೇ ಔಷಧಿ ಡಬ್ಬಿಯ ಮೇಲೆ ಸಿಂಪಡಿಸಿದ ಎಷ್ಟು ದಿನಗಳ ನಂತರ ಕೊಯ್ಯಬೇಕು ಎಂದು ಮುದ್ರಿಸಿರುತ್ತಾರೆ. ತೊಂದರೆ ಇರುವುದು ಬೆಂಡೆ, ಬದನೆ, ಸೌತೆಗಳಲ್ಲಿ. ಇವನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ಯಲೇಬೇಕು, ಇಲ್ಲವಾದರೆ ಬಲಿಯುತ್ತವೆ. ಹಾಗಾಗಿ ಕಾಯುವ ಅವಧಿ ತಪ್ಪುವ ಸಂಭವ ಹೆಚ್ಚು. ಮಾರುಕಟ್ಟೆಯಲ್ಲಿ ತಾವೇ ಬೆಳೆದು ತರುವ ಹೆಂಗಸರು ಸಿಗುತ್ತಾರೆ. “ಅಕ್ಕಾ, ಬದನೆಗೆ ಔಷಧಿ ಹೊಡೆದು ಎಷ್ಟು ದಿನವಾಯಿತು?” ಎಂದು ನಾನು ಕೇಳುತ್ತೇನೆ. ನಾನು ಕೊಳ್ಳುವಾಕೆ ಒಮ್ಮೆ ಈರನಗೆರೆ ಬದನೆಯ ಬುಟ್ಟಿ ತೋರಿಸಿ, “ಮೊನ್ನೆ ಹೊಡೆದಿದ್ದಾರೆ, ಇವತ್ತು ಸೋರೆಕಾಯಿ ತೆಗೆದುಕೊಳ್ಳಿ” ಎಂದರು. ಒಂದೇ ತರಕಾರಿಯನ್ನು ದಿನವೂ ತಿನ್ನದೆ ಬದಲಾಯಿಸುತ್ತಿದ್ದರೆ ಒಂದೇ ಔಷಧಿ ಮೈಗೆ ಸೇರುವುದೂ ಕಡಿಮೆಯಾಗುತ್ತದೆ. ಮಗಳಿಗೆ ಸೋರೆ, ಹೀರೆ, ಪಡವಲ, ಕುಂಬಳವನ್ನು ಹೆಚ್ಚಾಗಿ ಮಾಡಿದೆ. ಸಿಪ್ಪೆ ತೆಗೆದು ಬೇಯಿಸುವಂಥವು ಎಂಬ ಕಾರಣಕ್ಕೆ.

ಒಳಗೆ ಹೀರಿಕೊಂಡ ಔಷಧಿಯ ವಿಷಯದಲ್ಲಿ ನಿಜವಾದ ಸಾವಯವ ತರಕಾರಿ ಮೇಲು, ಅದಕ್ಕೆ ಹೆಚ್ಚು ಬೆಲೆ ಕೊಡುವುದೂ ಸರಿಯೇ. ಕೊಡುವ ಮುಂಚೆ ಪತ್ರದಲ್ಲಿ ಹೆಸರು, ಬೆಳೆ, ಅವಧಿ ಈ ಮೂರನ್ನೂ ಓದಿ. ಬಿಲ್ಲಿನಲ್ಲಿ ‘ಸಾವಯವ’ ಎಂದು ಬರೆದುಕೊಡಿ ಎಂದು ಕೇಳಿ. ಬರೆಯುವುದಿಲ್ಲ ಎಂದರೆ ಬುಟ್ಟಿಯನ್ನು ಅಲ್ಲೇ ಇಟ್ಟು ಬನ್ನಿ. ಬರೆದುಕೊಟ್ಟು ಮೋಸ ಮಾಡಿದರೆ ಆ ಬಿಲ್ಲು, ಬೋರ್ಡಿನ ಫೋಟೊ, ಪ್ರಮಾಣಪತ್ರದ ಫೋಟೊ ಇಟ್ಟುಕೊಂಡು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.